ಫಾಲೋವರ್ಸ್ ಸಾವಿರಾರು, ಇಮೇಲ್‌ಗೆ ಉತ್ತರ ಸೊನ್ನೆ: ಏನು ಬದಲಿಸಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಪೆನ್ಸಿಲ್ ಸ್ಕೆಚ್ ಕಲಿಯುವವರಿಗಾಗಿ ಇನ್‌ಸ್ಟಾಗ್ರಾಂನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಹಾಕ್ತೀನಿ, 14 ಸಾವಿರ ಫಾಲೋವರ್ಸ್ ಇದ್ದಾರೆ. ಐದು ತಿಂಗಳಿಂದ ಪ್ರತಿ ವಾರ ಇಮೇಲ್ ನ್ಯೂಸ್‌ಲೆಟರ್ ಕಳಿಸ್ತಿದ್ದೀನಿ. ಸೇರಿದವರು 380 ಜನ. ಓಪನ್ ರೇಟ್ 46% ಅಂತ ತೋರಿಸುತ್ತೆ, ಆದರೆ ಒಬ್ಬರೂ ವಾಪಸ್ ಬರೆಯಲ್ಲ. ಕೊನೆಯಲ್ಲಿ ‘ನಿಮ್ಮ ಅಭಿಪ್ರಾಯ ತಿಳಿಸಿ’ ಅಂತ ಪ್ರತಿ ಸಲ ಹಾಕ್ತೀನಿ. ವಿಡಿಯೋ ಕೆಳಗೆ ಅಷ್ಟೊಂದು ಕಾಮೆಂಟ್ ಮಾಡುವವರು ಇಲ್ಲಿ ಯಾಕೆ ಸುಮ್ಮನಿರ್ತಾರೆ? ಎರಡು ಸಂಚಿಕೆ ಜೊತೆಗೆ ಕಳಿಸಿದ್ದೀನಿ, ನೋಡಿ ಹೇಳಿ.

ಉತ್ತರ: ಎರಡೂ ಸಂಚಿಕೆ ಓದಿದೆ. ಎರಡರ ಅಚ್ಚೂ ಒಂದೇ. ಮೇಲೊಂದು ಬ್ಯಾನರ್, ಆ ವಾರದ ನಾಲ್ಕು ವಿಡಿಯೋಗಳ ಚಿತ್ರ, ಪ್ರತಿಯೊಂದರ ಕೆಳಗೆ ಎರಡು ಸಾಲು, ‘ಪೂರ್ತಿ ನೋಡಿ’ ಅನ್ನುವ ಬಟನ್. ವಿಡಿಯೋ ಆಗಲೇ ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ನೋಡದವರು ಬಟನ್ ಒತ್ತಿ ಇನ್‌ಸ್ಟಾಗ್ರಾಂಗೆ ಹೋಗುತ್ತಾರೆ, ಏನಾದರೂ ಹೇಳಬೇಕೆನಿಸಿದರೆ ಅಲ್ಲೇ ಹೇಳುತ್ತಾರೆ. ಓದುಗರನ್ನು ಇಮೇಲ್‌ನಿಂದ ಹೊರಗೆ ಕಳಿಸುವುದು ನೀವೇ. ಅವರು ಸುಮ್ಮನಿದ್ದಾರೆ ಅನ್ನುವುದಕ್ಕಿಂತ ಮಾತಾಡಲು ನೀವು ಜಾಗ ಬಿಟ್ಟಿಲ್ಲ ಅನ್ನುವುದು ಸರಿ.

ಕಾಮೆಂಟ್ ಮಾಡುವುದಕ್ಕೂ ಇಮೇಲ್‌ಗೆ ಉತ್ತರ ಬರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಿ. ಕಾಮೆಂಟ್ ನಾಲ್ಕು ಜನರ ಮುಂದೆ ಆಡುವ ಮಾತು. ಉಳಿದವರು ಏನು ಬರೆದಿದ್ದಾರೆ ಎಂದು ಕಾಣುತ್ತದೆ, ಅದರ ಜೊತೆ ಒಂದು ಹೃದಯದ ಚಿಹ್ನೆ ಹಾಕಿದರೂ ಮುಗಿಯಿತು. ಇಮೇಲ್‌ಗೆ ಬರೆಯುವವರಿಗೆ ಆ ಗುಂಪಿನ ಆಸರೆ ಇರುವುದಿಲ್ಲ. ಖಾಲಿ ಪೆಟ್ಟಿಗೆಯ ಮುಂದೆ ಒಬ್ಬರೇ ಕೂತು ಏನು ಬರೆಯಲಿ, ಇದನ್ನು ಯಾರಾದರೂ ಓದುತ್ತಾರಾ, ಇಷ್ಟು ಸಣ್ಣ ವಿಷಯ ಬರೆದರೆ ಏನಂದುಕೊಂಡಾರು ಎಂದು ಯೋಚಿಸುತ್ತಾರೆ. ‘ನಿಮ್ಮ ಅಭಿಪ್ರಾಯ ತಿಳಿಸಿ’ ಅನ್ನುವ ಸಾಲು ಈ ಮೂರರಲ್ಲಿ ಒಂದಕ್ಕೂ ಸಮಾಧಾನ ಹೇಳುವುದಿಲ್ಲ. ಯಾವುದರ ಬಗ್ಗೆ ಅಭಿಪ್ರಾಯ, ಎಷ್ಟು ಉದ್ದ ಬರೆಯಬೇಕು, ಬರೆದರೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಾಗಬೇಕು.

ಇನ್ನು ಆ 46%. ಅದನ್ನು ನೆಚ್ಚಿಕೊಳ್ಳಬೇಡಿ. ಇಮೇಲ್ ಒಳಗೆ ಕಣ್ಣಿಗೆ ಕಾಣದ ಒಂದು ಪುಟ್ಟ ಚಿತ್ರ ಇರುತ್ತದೆ, ಅದು ಲೋಡ್ ಆದರೆ ‘ಓಪನ್ ಆಯಿತು’ ಎಂದು ಸೇವೆ ಲೆಕ್ಕ ಹಾಕುತ್ತದೆ. ಆಪಲ್ 2021ರಲ್ಲಿ ತನ್ನ ಮೇಲ್ ಆ್ಯಪ್‌ಗೆ ಮೇಲ್ ಪ್ರೈವಸಿ ಪ್ರೊಟೆಕ್ಷನ್ ತಂದ ಮೇಲೆ, ಅದನ್ನು ಆನ್ ಮಾಡಿಕೊಂಡವರ ಮಟ್ಟಿಗೆ ಈ ಚಿತ್ರಗಳು ಅವರು ಇಮೇಲ್ ತೆರೆಯುವ ಮೊದಲೇ ಹಿನ್ನೆಲೆಯಲ್ಲಿ ಲೋಡ್ ಆಗುತ್ತವೆ. ತೆರೆಯದಿದ್ದರೂ ತೆರೆದ ಲೆಕ್ಕ. ಅತ್ತ ಚಿತ್ರಗಳನ್ನು ತಡೆದಿಟ್ಟುಕೊಂಡು ಓದುವವರು ಪೂರ್ತಿ ಓದಿದರೂ ಲೆಕ್ಕಕ್ಕೆ ಸಿಗುವುದಿಲ್ಲ. ಹಾಗಾಗಿ ಇದೇ ಸಂಖ್ಯೆ ಮೂರು ನಾಲ್ಕು ವಾರ ಒಂದೇ ಸಮನೆ ಇಳಿಯುತ್ತಾ ಹೋದರೆ ಮಾತ್ರ ತಲೆಕೆಡಿಸಿಕೊಳ್ಳಿ. ನಿಜವಾಗಿ ನಂಬಬಹುದಾದ ಲೆಕ್ಕ ಉತ್ತರಗಳದು, ಏಕೆಂದರೆ ಅದನ್ನು ಯಾವ ಆ್ಯಪ್ ಕೂಡ ಓದುಗರ ಪರವಾಗಿ ಬರೆದು ಕಳಿಸುವುದಿಲ್ಲ.

ನಾನು ಬದಲಿಸುವ ಮೊದಲ ಜಾಗ ವಾರದ ಸಂಚಿಕೆಯಲ್ಲ, ಸ್ವಾಗತ ಪತ್ರ. ಸೇರಿದ ಕೂಡಲೇ ತಾನಾಗಿ ಹೋಗುವ ಮೊದಲ ಇಮೇಲ್ ಅದು. ಆ ಹೊತ್ತಿಗೆ ಅವರ ಕೈಯಲ್ಲಿ ಫೋನ್ ಇರುತ್ತದೆ, ನಿಮ್ಮ ವಿಡಿಯೋ ಆಗಷ್ಟೇ ನೋಡಿರುತ್ತಾರೆ, ನಿಮ್ಮ ಹೆಸರು ನೆನಪಿರುತ್ತದೆ. ಮುಂದಿನ ಯಾವ ವಾರವೂ ಅಷ್ಟು ಗಮನ ಸಿಗುವುದಿಲ್ಲ. ನಿಮ್ಮದರಲ್ಲಿ ಈಗಿರುವುದು ‘ಸೇರಿದ್ದಕ್ಕೆ ಧನ್ಯವಾದ, ನಮ್ಮ ಯೂಟ್ಯೂಬ್ ಚಾನೆಲ್‌ಗೂ ಸಬ್‌ಸ್ಕ್ರೈಬ್ ಆಗಿ’ ಎಂಬ ಒಂದು ಸಾಲು. ಅದನ್ನು ತೆಗೆದು ಹೀಗೆ ಬರೆದು ನೋಡಿ:

> ನಮಸ್ಕಾರ. ಪ್ರತಿ ಶನಿವಾರ ಬೆಳಗ್ಗೆ ನಾನು ಒಂದು ಪತ್ರ ಬರೆಯುತ್ತೇನೆ. ಸ್ಕೆಚ್ ಕಲಿಯುವವರು ಸಾಮಾನ್ಯವಾಗಿ ಎಡವುವ ಒಂದೇ ಒಂದು ಜಾಗ, ಅದನ್ನು ಸರಿಪಡಿಸುವ ಬಗೆ, ಹತ್ತು ನಿಮಿಷದ ಒಂದು ಅಭ್ಯಾಸ. ಅಷ್ಟೇ.
>
> ಶುರು ಮಾಡುವ ಮೊದಲು ಒಂದು ವಿಷಯ ಕೇಳಬೇಕಿತ್ತು: ನೀವು ಕೊನೆಯದಾಗಿ ಬಿಡಿಸಿದ್ದು ಏನನ್ನು? ಈ ಇಮೇಲ್‌ಗೇ ಉತ್ತರ ಒತ್ತಿ ಒಂದು ಪದ ಬರೆದರೂ ಸಾಕು. ಎಲ್ಲವನ್ನೂ ನಾನೇ ಓದುತ್ತೇನೆ, ಮುಂದೆ ಯಾವುದರ ಬಗ್ಗೆ ಬರೆಯಬೇಕೆಂದು ಅದರಿಂದಲೇ ತೀರ್ಮಾನಿಸುತ್ತೇನೆ.

ಇದರಲ್ಲಿ ಲಿಂಕ್ ಇಲ್ಲ, ಬಟನ್ ಇಲ್ಲ, ಬ್ಯಾನರ್ ಇಲ್ಲ. ಮಾಡಬಹುದಾದ ಕೆಲಸ ಒಂದೇ ಇದ್ದರೆ ಜನ ಅದನ್ನು ಮಾಡುತ್ತಾರೆ. ಪ್ರಶ್ನೆಯನ್ನೂ ಗಮನಿಸಿ. ‘ನಿಮಗೆ ಸ್ಕೆಚಿಂಗ್‌ನಲ್ಲಿ ಯಾವ ಸಮಸ್ಯೆ ಇದೆ?’ ಎಂದು ಕೇಳಿದ್ದರೆ ಹೊಸಬರು ತಮ್ಮ ಕೊರತೆಯನ್ನು ಹುಡುಕಿ, ಹೆಸರಿಟ್ಟು, ಅಪರಿಚಿತರಿಗೆ ಒಪ್ಪಿಸಬೇಕಾಗುತ್ತಿತ್ತು. ಕೊನೆಯದಾಗಿ ಬಿಡಿಸಿದ್ದು ಏನು ಎಂಬುದಕ್ಕೆ ಯೋಚಿಸಬೇಕಾಗಿಲ್ಲ, ನೆನಪಿಸಿಕೊಂಡರೆ ಆಯಿತು. ಉತ್ತರ ತಪ್ಪಾಗುವ ಭಯವೂ ಇಲ್ಲ. ‘ಬೆಕ್ಕು’ ಎಂದು ಒಂದು ಪದ ಬಂದರೂ ಅದು ದೊಡ್ಡ ಗೆಲುವು. ಒಮ್ಮೆ ಬರೆದವರಿಗೆ ಎರಡನೇ ಸಲ ಬರೆಯಲು ಸಂಕೋಚ ಇರುವುದಿಲ್ಲ. ಇನ್ನೊಂದು ಲಾಭವೂ ಇದೆ. ಉತ್ತರ ಬರೆದವರ ಇತರ ಸಂಪರ್ಕಗಳ ಪಟ್ಟಿಗೆ ಜಿಮೇಲ್ ಸಾಮಾನ್ಯವಾಗಿ ನಿಮ್ಮ ವಿಳಾಸವನ್ನು ತಾನೇ ಸೇರಿಸಿಕೊಳ್ಳುತ್ತದೆ. ಮುಂದಿನ ಪತ್ರ ಇನ್‌ಬಾಕ್ಸ್‌ಗೇ ಬರುತ್ತದೆಂಬ ಖಾತರಿ ಅದರಿಂದ ಸಿಗದು, ಆದರೂ ಅಪರಿಚಿತರ ಸಾಲಿನಿಂದ ನೀವು ಹೊರಬಂದಿರುತ್ತೀರಿ.

‘ಬೆಕ್ಕು’ ಎಂದು ಬರೆದವರಿಗೆ ಒಂದೆರಡು ದಿನದೊಳಗೆ ನೀವು ಬರೆಯಲೇಬೇಕು. ಉದ್ದ ಬೇಡ. ‘ಬೆಕ್ಕು ಕೂತಿತ್ತೋ ಮಲಗಿತ್ತೋ? ಮಲಗಿದ್ದು ಸುಲಭ, ಕೂತಿದ್ದರ ಬೆನ್ನಿನ ಗೆರೆಯೇ ಕಷ್ಟ’ ಎಂದರೆ ಸಾಕು. ಇದನ್ನು ಆಟೋಮೇಷನ್‌ಗೆ ಒಪ್ಪಿಸಬೇಡಿ. ‘ಎಲ್ಲವನ್ನೂ ನಾನೇ ಓದುತ್ತೇನೆ’ ಎಂದು ಬರೆದ ಮೇಲೆ ಸಿದ್ಧ ಉತ್ತರ ಹೋದರೆ ಅವರು ಇನ್ನೆಂದೂ ಬರೆಯುವುದಿಲ್ಲ.

ಈಗ ವಾರದ ಸಂಚಿಕೆಗೆ ಬರೋಣ. ನಿಮ್ಮ ಎರಡನೇ ಸಂಚಿಕೆಯ ವಿಷಯದ ಸಾಲು ‘ಸ್ಕೆಚ್ ವೀಕ್ಲಿ #19: ಈ ವಾರದ ಟಿಪ್ಸ್’. ಕ್ರಮಸಂಖ್ಯೆ ನಿಮ್ಮ ಕಡತಕ್ಕೆ ಬೇಕು, ಓದುಗರಿಗೆ ಬೇಡ. ಫೋನ್‌ನಲ್ಲಿ ವಿಷಯದ ಸಾಲಿನ ಮೊದಲ ನಾಲ್ಕೈದು ಪದ ಕಾಣುವುದೇ ಹೆಚ್ಚು, ಅದರಲ್ಲಿ ಅರ್ಧ ಜಾಗವನ್ನು ಹೆಸರು ಮತ್ತು ಸಂಖ್ಯೆ ತಿಂದುಹಾಕಿವೆ. ಒಳಗಿದ್ದ ನಾಲ್ಕು ವಿಡಿಯೋಗಳಲ್ಲಿ ಮೂರನೆಯದು ಕಪ್ ಬಿಡಿಸುವುದರ ಬಗ್ಗೆ. ಅದರ ಕೆಳಗೆ ಬಂದ ಕಾಮೆಂಟ್‌ಗಳನ್ನು ನೋಡಿದೆ, ‘ನನ್ನ ಕಪ್ ಯಾವಾಗಲೂ ವಾಲಿದ ಹಾಗೆ ಕಾಣುತ್ತೆ’ ಎಂಬ ಮಾತು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬಂದಿದೆ. ಆ ವಾರದ ಪತ್ರ ಅಲ್ಲೇ ಇತ್ತು. ಉಳಿದ ಮೂರು ವಿಡಿಯೋ ಬಿಟ್ಟು ಅದೊಂದನ್ನೇ ಹಿಡಿದಿದ್ದರೆ ಸಂಚಿಕೆ ಹೀಗಿರುತ್ತಿತ್ತು.

ವಿಷಯದ ಸಾಲು: ‘ಕಪ್‌ನ ತಳ ಚಪ್ಪಟೆ ಅಲ್ಲ’. ಇನ್‌ಬಾಕ್ಸ್‌ನಲ್ಲಿ ಅದರ ಪಕ್ಕದಲ್ಲೋ ಕೆಳಗೋ ಕಾಣುವ ಮುನ್ನೋಟದ ಸಾಲು: ‘ಬಾಯಿ ಸರಿಯಾಗಿ ಬಂದರೂ ಕಪ್ ವಾಲುವುದು ಇದಕ್ಕೇ’. ಈ ಮುನ್ನೋಟದ ಸಾಲನ್ನು ನೀವು ಬರೆದಿಲ್ಲ, ಹಾಗಾಗಿ ಅಲ್ಲಿ ‘ಚಿತ್ರ ಕಾಣದಿದ್ದರೆ ಇಲ್ಲಿ ಒತ್ತಿ’ ಎಂದು ಬರುತ್ತಿದೆ. ಇಮೇಲ್ ಸೇವೆಗಳಲ್ಲಿ ಇದಕ್ಕೆ ಬೇರೆಯೇ ಪೆಟ್ಟಿಗೆ ಇರುತ್ತದೆ, ತುಂಬಿಸಿ.

ಒಳಗೆ ಮೊದಲ ಸಾಲು ಓದುಗರ ಮಾತಿನಿಂದಲೇ ಶುರುವಾಗಲಿ: ‘ಈ ವಾರ ಹಲವರು ಒಂದೇ ಮಾತು ಬರೆದಿದ್ದರು, ಕಪ್ ವಾಲಿದ ಹಾಗೆ ಕಾಣುತ್ತೆ ಅಂತ.’ ಆಮೇಲೆ ಕಾರಣ. ಮೇಲಿನಿಂದ ನೋಡುವಾಗ ಕಪ್‌ನ ಬಾಯಿ ಅಂಡಾಕಾರವಾಗಿ ಕಾಣುತ್ತದೆ ಎಂದು ಎಲ್ಲರಿಗೂ ಗೊತ್ತು, ಹಾಗೇ ಬಿಡಿಸುತ್ತಾರೆ. ತಳ ಮೇಜಿನ ಮೇಲೆ ಕೂತಿದೆಯಲ್ಲ, ಅದು ನೇರ ಎಂದುಕೊಂಡು ಒಂದು ಅಡ್ಡಗೆರೆ ಎಳೆದುಬಿಡುತ್ತಾರೆ. ಆದರೆ ತಳ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ, ಆದ್ದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ನಂತರ ಅಭ್ಯಾಸ: ಕಪ್ ಪಾರದರ್ಶಕ ಎಂದುಕೊಂಡು ತಳದ ಅಂಡಾಕಾರವನ್ನು ಪೂರ್ತಿ, ತೆಳುವಾಗಿ ಬಿಡಿಸಿ, ಆಮೇಲೆ ಹಿಂಭಾಗ ಅಳಿಸಿ. ನಿಮ್ಮದೇ ಕೈಯ ಎರಡು ಚಿತ್ರ ಅಕ್ಕಪಕ್ಕ, ತಪ್ಪಿದ್ದು ಒಂದು, ಸರಿಯಾದದ್ದು ಒಂದು. ಇಷ್ಟಕ್ಕೆ 300ರಿಂದ 400 ಪದ ಸಾಕು.

ಕೊನೆಗೆ ಪ್ರಶ್ನೆ: ‘ನಿಮ್ಮ ಕೊನೆಯ ಸ್ಕೆಚ್ ತೆಗೆದು ನೋಡಿ. ಯಾವ ಜಾಗದಲ್ಲಿ ಹೆಚ್ಚು ರಬ್ಬರ್ ಉಜ್ಜಿದ್ದೀರಿ? ಆ ಜಾಗದ ಹೆಸರು ಮಾತ್ರ ಬರೆದು ಕಳಿಸಿ.’

ಈ ಪ್ರಶ್ನೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಉತ್ತರ ಬರುವುದು ಬಿಡುವುದು ಬಹುಪಾಲು ಇಲ್ಲೇ ತೀರ್ಮಾನವಾಗುತ್ತದೆ. ಇದಕ್ಕೆ ಅಭಿಪ್ರಾಯ ಬೇಕಾಗಿಲ್ಲ, ಹಾಳೆ ನೋಡಿದರೆ ಉತ್ತರ ಕಾಣುತ್ತದೆ. ಒಂದೇ ಪದದಲ್ಲಿ ಮುಗಿಯುತ್ತದೆ. ಪ್ರತಿಯೊಬ್ಬರ ಉತ್ತರವೂ ಬೇರೆ, ಹಾಗಾಗಿ ‘ನನಗಿಂತ ಮೊದಲು ಯಾರೋ ಹೇಳಿರುತ್ತಾರೆ’ ಎಂದು ಬಿಡುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದು ನಿಮಗೆ ನಿಜವಾಗಿಯೂ ಬೇಕಾದ ಮಾಹಿತಿ. ಉತ್ತರ ಬರಲಿ ಎಂದಷ್ಟೇ ಕೇಳಿದ ಪ್ರಶ್ನೆಯನ್ನು ಓದುಗರು ಬೇಗ ಗುರುತಿಸುತ್ತಾರೆ. ಹೌದು ಅಥವಾ ಇಲ್ಲ ಎಂದು ಮುಗಿಯುವ ಪ್ರಶ್ನೆಯೂ ಬೇಡ, ಅದಕ್ಕೆ ಮನಸ್ಸಿನಲ್ಲೇ ಉತ್ತರಿಸಿ ಮುಂದೆ ಹೋಗುತ್ತಾರೆ. ಒಂದು ಪತ್ರಕ್ಕೆ ಒಂದೇ ಪ್ರಶ್ನೆ. ಎರಡು ಕೇಳಿದರೆ ಎರಡಕ್ಕೂ ಬರೆಯೋಣ, ಬಿಡುವು ಮಾಡಿಕೊಂಡು ಬರೆಯೋಣ ಎಂದು ಎತ್ತಿಡುತ್ತಾರೆ. ಎತ್ತಿಟ್ಟ ಇಮೇಲ್‌ಗೆ ಯಾರೂ ವಾಪಸ್ ಬರುವುದಿಲ್ಲ.

ಮುಂದಿನ ಶನಿವಾರದ ಪತ್ರ ಈ ಉತ್ತರಗಳಿಂದ ಹುಟ್ಟಬೇಕು. ಆರು ಜನ ಬರೆದರು, ಅವರಲ್ಲಿ ಮೂವರು ‘ಕಪ್‌ನ ಹಿಡಿ’ ಎಂದರು ಅಂದುಕೊಳ್ಳಿ. ಮುಂದಿನ ವಿಷಯ ಹಿಡಿಯೇ. ‘ರಬ್ಬರ್ ಎಲ್ಲಿ ಉಜ್ಜಿದಿರಿ ಎಂದು ಕೇಳಿದ್ದೆ. ಬರೆದವರಲ್ಲಿ ಅರ್ಧದಷ್ಟು ಜನ ಹೇಳಿದ್ದು ಕಪ್‌ನ ಹಿಡಿ’ ಎಂದು ಶುರು ಮಾಡಿ. ಬರೆದವರಿಗೆ ತಮ್ಮ ಮಾತು ಪತ್ರವಾಯಿತೆಂದು ಗೊತ್ತಾಗುತ್ತದೆ. ಬರೆಯದೆ ಬಿಟ್ಟವರಿಗೆ ಇಲ್ಲಿ ಬರೆದರೆ ಏನಾಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ, ಆ ವಾರ ಅವರಲ್ಲಿ ಒಬ್ಬಿಬ್ಬರು ಮೊದಲ ಸಲ ಬರೆಯುತ್ತಾರೆ. ಯಾರದಾದರೂ ಹೆಸರು, ಚಿತ್ರ ಅಥವಾ ಪೂರ್ತಿ ಸಾಲು ಬಳಸುವುದಿದ್ದರೆ ಮೊದಲು ಕೇಳಿ. ಅವರು ಬರೆದದ್ದು ನಿಮಗೊಬ್ಬರಿಗೆ.

14 ಸಾವಿರದಿಂದ ಇನ್ನಷ್ಟು ಜನರನ್ನು ಇಲ್ಲಿಗೆ ತರುವ ವಿಷಯ. ಈಗ ನೀವು ಮಾಡುತ್ತಿರುವುದು ಬಯೋದಲ್ಲಿ ಲಿಂಕ್ ಇಟ್ಟು ಆಗಾಗ ‘ನ್ಯೂಸ್‌ಲೆಟರ್ ಸೇರಿ’ ಎನ್ನುವುದು. ನ್ಯೂಸ್‌ಲೆಟರ್ ಬೇಕೆಂದು ಯಾರೂ ಕಾದು ಕೂತಿಲ್ಲ, ವಾಲದ ಕಪ್ ಬೇಕೆಂದು ಕಾದವರು ಇದ್ದಾರೆ. ವಿಡಿಯೋದಲ್ಲಿ ತಪ್ಪು ಯಾವುದು ಎಂದು ತೋರಿಸಿ, ಸರಿ ಮಾಡುವ ಮೊದಲ ಹೆಜ್ಜೆಯನ್ನೂ ಕೊಡಿ. ಅರ್ಧಕ್ಕೆ ನಿಲ್ಲಿಸಿ ಕಾಡಿಸುವುದು ಬೇಡ, ಅಂಥವರ ಮೇಲೆ ಜನಕ್ಕೆ ಸಿಟ್ಟು ಬರುತ್ತದೆ. ವಿಡಿಯೋದಲ್ಲಿ ಹಿಡಿಸಲಾಗದ ವಿಷಯ ಮಾತ್ರ ಪತ್ರಕ್ಕೆ ಹೋಗಲಿ: ‘ಹತ್ತು ನಿಮಿಷದ ಅಭ್ಯಾಸ ಮತ್ತು ನನ್ನ ತಪ್ಪು-ಸರಿ ಹಾಳೆ ಶನಿವಾರದ ಇಮೇಲ್‌ನಲ್ಲಿ.’ ಕಾಮೆಂಟ್‌ನಲ್ಲಿ ಪ್ರಶ್ನೆ ಕೇಳಿದವರಿಗೆ ಅಲ್ಲೇ ಉತ್ತರ ಕೊಟ್ಟು, ಉದ್ದವಾಗಿ ಶನಿವಾರ ಬರೆಯುತ್ತಿದ್ದೇನೆ ಎಂದು ಒಂದು ಸಾಲು ಸೇರಿಸಿ. ನಿಮಗೆ ಬೇಕಾದ ಓದುಗರು ಅವರೇ, ಪ್ರಶ್ನೆ ಕೇಳುವ ಅಭ್ಯಾಸ ಅವರಿಗೆ ಆಗಲೇ ಇದೆ. ಸೇರುವ ಪುಟದಲ್ಲಿ ಹೆಸರು, ಊರು, ವಯಸ್ಸು ಕೇಳಬೇಡಿ. ಇಮೇಲ್ ವಿಳಾಸಕ್ಕೆ ಒಂದು ಪೆಟ್ಟಿಗೆ, ಯಾವಾಗ ಏನು ಬರುತ್ತದೆ ಎಂದು ಒಂದು ಸಾಲು, ಹಳೆಯ ಒಂದು ಸಂಚಿಕೆಯ ಮಾದರಿ, ಇಷ್ಟಿರಲಿ. ಮೆಸೇಜ್‌ನಲ್ಲೋ ಬೇರೆ ಯಾವುದೋ ಕೆಲಸಕ್ಕೋ ಸಿಕ್ಕ ವಿಳಾಸಗಳನ್ನು ಕೇಳದೆ ಪಟ್ಟಿಗೆ ಸೇರಿಸುವುದು ಮಾತ್ರ ಖಂಡಿತ ಬೇಡ.

ಇನ್ನೊಂದು ತಾಂತ್ರಿಕ ತೊಡಕು ಕಾಣಿಸಿತು. ನಿಮ್ಮ ಪತ್ರ ಹೋಗುವುದು ಇಮೇಲ್ ಸೇವೆಯೊಂದರ ಮೂಲಕ, ಕಳಿಸಿದವರ ಜಾಗದಲ್ಲಿ ಇರುವುದು ನಿಮ್ಮ ಜಿಮೇಲ್ ವಿಳಾಸ. ಜಿಮೇಲ್‌ನ ಸರ್ವರ್‌ನಿಂದ ಹೊರಡದ ಪತ್ರ ಜಿಮೇಲ್ ವಿಳಾಸ ಹೊತ್ತು ಬಂದರೆ, ತಲುಪಿಸುವ ಕಡೆಯವರಿಗೆ ಅದು ಯಾರೋ ನಿಮ್ಮ ಹೆಸರು ಹಾಕಿಕೊಂಡು ಕಳಿಸಿದ ಹಾಗೆ ಕಾಣುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಇಮೇಲ್ ಕಳಿಸುವವರು ಪತ್ರ ನಿಜವಾಗಿ ಕಳಿಸಿದವರದೇ ಎಂದು ಖಚಿತಪಡಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ವ್ಯವಸ್ಥೆಯನ್ನೂ ಹೊಂದಿಸಿರಬೇಕು, ಒಂದೇ ಒತ್ತಿಗೆ ಹೊರಹೋಗುವ ಸೌಲಭ್ಯ ಇರಬೇಕು, ಸ್ಪ್ಯಾಮ್ ದೂರು 0.3% ಮುಟ್ಟಬಾರದು. ನೀವು ಆ ಗಾತ್ರಕ್ಕೆ ಹತ್ತಿರವೂ ಇಲ್ಲ, ಆದರೂ ಈಗಲೇ ಸರಿಮಾಡಿಕೊಳ್ಳಿ. ಸ್ವಂತ ಡೊಮೈನ್, ಅಂದರೆ ನಿಮ್ಮದೇ ಹೆಸರಿನ ವೆಬ್ ವಿಳಾಸ ತೆಗೆದುಕೊಂಡು, ನಿಮ್ಮ ಇಮೇಲ್ ಸೇವೆ ಕೊಡುವ ದಾಖಲೆಗಳನ್ನು ಆ ಡೊಮೈನ್‌ನ ಡಿಎನ್‌ಎಸ್ ಎಂಬ ಸೆಟ್ಟಿಂಗ್‌ನಲ್ಲಿ ಸೇರಿಸಬೇಕು. ಕೆಲಸ ಆಯಿತೋ ಇಲ್ಲವೋ ಎಂದು ನೋಡಲು ನಿಮ್ಮದೇ ಜಿಮೇಲ್‌ಗೆ ಒಂದು ಸಂಚಿಕೆ ಕಳಿಸಿ, ಕಂಪ್ಯೂಟರ್‌ನಲ್ಲಿ ತೆರೆದು, ಮೂರು ಚುಕ್ಕೆಯ ಮೆನುವಿನಲ್ಲಿ `Show original` ಒತ್ತಿ. ಮೇಲ್ಭಾಗದಲ್ಲಿ ಮೂರರ ಎದುರಿಗೂ ಹೀಗೆ ಕಾಣಬೇಕು:

```
SPF: PASS
DKIM: PASS
DMARC: PASS
```

ಡಿಕೆಐಎಂ ಸಾಲಿನಲ್ಲಿ ನಿಮ್ಮ ಡೊಮೈನ್ ಹೆಸರು ಇದೆಯೇ ಎಂದೂ ನೋಡಿ. ಕಳಿಸುವವರ ಹೆಸರಿನ ಜಾಗದಲ್ಲಿ ಪೇಜ್‌ನ ಹೆಸರಿಗಿಂತ ನಿಮ್ಮ ಹೆಸರಿರಲಿ, ಬೇಕಿದ್ದರೆ ಪೇಜ್‌ನ ಹೆಸರು ಜೊತೆಗಿರಲಿ. ಉತ್ತರಗಳು ನೀವು ದಿನವೂ ನೋಡುವ ಇನ್‌ಬಾಕ್ಸ್‌ಗೇ ಬರಬೇಕು. ಇದನ್ನು ಒಬ್ಬ ಸ್ನೇಹಿತರಿಂದ ಉತ್ತರ ಬರೆಸಿ ಖಚಿತಪಡಿಸಿಕೊಳ್ಳಿ. ಸೆಟ್ಟಿಂಗ್ ಒಂದು ತಪ್ಪಿದ್ದರೆ ಉತ್ತರಗಳು ಯಾರೂ ತೆರೆಯದ ಪೆಟ್ಟಿಗೆಗೆ ಹೋಗಿ ಬಿದ್ದಿರುತ್ತವೆ. ನಿಮ್ಮ ಐದು ತಿಂಗಳ ಸೊನ್ನೆಯಲ್ಲಿ ಅದರ ಪಾಲೂ ಇರಬಹುದು, ಇವತ್ತೇ ನೋಡಿ.

ಬ್ಯಾನರ್ ಮತ್ತು ಬಟನ್ ತೆಗೆಯುವುದರಿಂದ ಪತ್ರ ಹಗುರವೂ ಆಗುತ್ತದೆ. ಇಮೇಲ್‌ನ ಕೋಡ್ ಮತ್ತು ಬರಹ ಸೇರಿ 102 ಕೆಬಿ ಮೀರಿದರೆ ಜಿಮೇಲ್ ಉಳಿದದ್ದನ್ನು ಕತ್ತರಿಸಿ, ‘ಪೂರ್ತಿ ನೋಡಿ’ ಎಂಬ ಲಿಂಕ್ ಹಿಂದೆ ಮುಚ್ಚಿಡುತ್ತದೆ. ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೆ ಮೂರು ಬೈಟ್ ಬೇಕು, ಹಾಗಾಗಿ ಅಲಂಕಾರ ತುಂಬಿದ ಟೆಂಪ್ಲೇಟ್‌ನಲ್ಲಿ ನಾವು ಆ ಮಿತಿಯನ್ನು ಬೇಗ ಮುಟ್ಟುತ್ತೇವೆ. ಕತ್ತರಿಸಿ ಹೋಗುವುದು ಕೊನೆಯ ಭಾಗ, ನಿಮ್ಮ ಪ್ರಶ್ನೆ ಇರುವುದೂ ಅಲ್ಲೇ. ಹೊರಹೋಗುವ ಲಿಂಕ್ ಕೂಡ ಅದರ ಜೊತೆ ಮಾಯವಾಗುತ್ತದೆ, ಆಗ ಬೇಡವೆನಿಸಿದವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. 380 ಜನರ ಪಟ್ಟಿಯಲ್ಲಿ ಒಂದೇ ಒಂದು ದೂರು ಬಂದರೂ ಅದು ಕಾಲು ಪ್ರತಿಶತಕ್ಕಿಂತ ಹೆಚ್ಚು. ಹೊರಹೋಗುವ ದಾರಿಯನ್ನು ಸಣ್ಣ ಅಕ್ಷರದಲ್ಲಿ ಬಚ್ಚಿಡದೆ ಎದ್ದು ಕಾಣುವ ಹಾಗೆ ಇಡಿ.

ಈಗಿರುವ 380 ಜನರಿಗೆ ಹೊಸ ಸ್ವಾಗತ ಪತ್ರ ತಾನಾಗಿ ಹೋಗುವುದಿಲ್ಲ, ಅವರು ಆ ಹಂತ ದಾಟಿದ್ದಾರೆ. ಈ ಶನಿವಾರ ಅವರಿಗೆ ಎಂದಿನ ಸಂಚಿಕೆಯ ಬದಲು ಐದಾರು ಸಾಲಿನ ಪತ್ರ ಕಳಿಸಿ. ಇನ್ನು ಮೇಲೆ ವಿಡಿಯೋಗಳ ಪಟ್ಟಿ ಬರುವುದಿಲ್ಲ, ವಾರಕ್ಕೆ ಒಂದು ತೊಡಕಿನ ಬಗ್ಗೆ ಬರೆಯುತ್ತೇನೆ ಎಂದು ಹೇಳಿ, ಕೊನೆಯದಾಗಿ ಬಿಡಿಸಿದ್ದು ಏನೆಂದು ಕೇಳಿ. ಬೇಡವಾದವರು ಹೋಗಲು ಲಿಂಕನ್ನು ಪತ್ರದ ನಡುವೆಯೇ ಕೊಡಿ. ಒಂದಷ್ಟು ಜನ ಹೋಗುತ್ತಾರೆ, ಅವರು ಓದುತ್ತಿರಲಿಲ್ಲ.

ಆಮೇಲೆ ಆರು ಸಂಚಿಕೆ ಇದೇ ಕ್ರಮದಲ್ಲಿ ನಡೆಸಿ, ಪ್ರತಿ ವಾರ ಎರಡೇ ಲೆಕ್ಕ ಬರೆದಿಡಿ: ಎಷ್ಟು ಜನ ಉತ್ತರಿಸಿದರು, ಅವರಲ್ಲಿ ಮೊದಲ ಸಲ ಬರೆದವರೆಷ್ಟು. ನೂರಕ್ಕೆ ಒಬ್ಬಿಬ್ಬರು ಬರೆದರೆ ನನ್ನ ಪ್ರಕಾರ ಪತ್ರ ಸರಿಯಾಗಿ ಕೆಲಸ ಮಾಡುತ್ತಿದೆ. ಪಟ್ಟಿ ಬೆಳೆದಂತೆ ಈ ಪ್ರಮಾಣ ಇಳಿಯುವುದು ಸಹಜ, ಅದಕ್ಕೆ ಹೆದರಬೇಡಿ. ಉತ್ತರ ಬರುತ್ತಿದ್ದರೂ ಬರೆಯುವವರು ಅದೇ ಐದು ಜನ ಎಂದಾದರೆ ಪ್ರಶ್ನೆಗಳು ಹಳಬರಿಗೆ ಮಾತ್ರ ಹೊಂದುತ್ತಿವೆ, ಇನ್ನೂ ಸುಲಭದ ಪ್ರಶ್ನೆ ಕೇಳಿ. ಹೊಸಬರು ಸ್ವಾಗತ ಪತ್ರಕ್ಕೆ ಬರೆದು ಆಮೇಲೆ ಮೌನವಾದರೆ ತೊಂದರೆ ವಾರದ ಪತ್ರದಲ್ಲಿದೆ. ಸ್ವಾಗತ ಪತ್ರಕ್ಕೂ ಯಾರೂ ಬರೆಯದಿದ್ದರೆ ಮತ್ತೆ `Show original` ತೆರೆದು ನೋಡಿ, ಪತ್ರ ಇನ್‌ಬಾಕ್ಸ್‌ವರೆಗೆ ಹೋಗುತ್ತಿಲ್ಲ ಎನ್ನುವ ಅನುಮಾನವೇ ಹೆಚ್ಚು. ಆರು ಸಂಚಿಕೆ ಆದ ಮೇಲೆ ಆ ಲೆಕ್ಕದ ಜೊತೆ, ಹೆಚ್ಚು ಉತ್ತರ ತಂದ ಒಂದು ಪತ್ರ ಮತ್ತು ಒಂದೂ ಉತ್ತರ ತರದ ಒಂದು ಪತ್ರ ಕಳಿಸಿಕೊಡಿ, ಎರಡನ್ನೂ ಎದುರಿಟ್ಟುಕೊಂಡು ನೋಡೋಣ.